ಮೊದಲ ಹಾಳೆ ಯಾಕೆ ತಡ, ದೊಡ್ಡ ಕಡತ ಯಾಕೆ ತೆವಳುತ್ತದೆ?

ಲೇಸರ್ ಪ್ರಿಂಟರ್ ಕೊಳ್ಳುವಾಗ ಎಲ್ಲರೂ ಕೇಳುವುದು ನಿಮಿಷಕ್ಕೆ ಎಷ್ಟು ಹಾಳೆ ಎಂದು. 20 ಎಂದು ಬರೆದಿದ್ದರೆ ಹಾಳೆಗೆ ಮೂರು ಸೆಕೆಂಡು. ಆದರೆ ಮೊದಲ ಹಾಳೆ ಹೊರಗೆ ಬರಲು ಎಷ್ಟು ಹೊತ್ತು ಬೇಕು ಎಂಬ ಇನ್ನೊಂದು ಅಂಕಿ ಅದೇ ವಿವರಪಟ್ಟಿಯಲ್ಲಿ ಬೇರೆಯಾಗಿಯೇ ಇರುತ್ತದೆ, ಅದನ್ನು ಯಾರೂ ಓದುವುದಿಲ್ಲ. ದಿನಕ್ಕೆ ಒಂದೆರಡು ಹಾಳೆ ತೆಗೆಯುವ ಮನೆಗೆ, ಒಂದೊಂದೇ ಅರ್ಜಿ ಮುದ್ರಿಸುವ ಕಚೇರಿಗೆ ನಿಜವಾಗಿ ಲೆಕ್ಕಕ್ಕೆ ಬರುವುದು ಈ ಎರಡನೆಯ ಅಂಕಿಯೇ.

ಲೇಸರ್ ಪ್ರಿಂಟರಿನಲ್ಲಿ ಟೋನರ್ ಪುಡಿ ಕಾಗದಕ್ಕೆ ಅಂಟುವುದು ಬಿಸಿಯಿಂದ. ಫ್ಯೂಸರ್ ಎಂಬ ಉರುಳೆ ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾದ ಮೇಲೆಯೇ ಹಾಳೆ ಅದರ ನಡುವೆ ಹಾಯುತ್ತದೆ. ಹಂಚು ಕಾಯದೆ ದೋಸೆ ಏಳದು, ಅಷ್ಟೇ. ಪ್ರಿಂಟರ್ ನಿದ್ರಾವಸ್ಥೆಗೆ ಜಾರಿದಾಗ ಮೊದಲು ಆರುವುದು ಈ ಉರುಳೆ. ದಪ್ಪ ಉರುಳೆಯ ಹಳೆಯ ಯಂತ್ರಗಳು ಮತ್ತೆ ಕಾಯಲು ಅರ್ಧ ನಿಮಿಷವನ್ನೂ ಮೀರಬಹುದು. ತೆಳ್ಳನೆಯ ಹಾಳೆಯಂಥ ತೋಳಿನೊಳಗೆ ಸೆರಾಮಿಕ್ ಹೀಟರ್ ಇಟ್ಟ ಇತ್ತೀಚಿನವು ಕೆಲವೇ ಸೆಕೆಂಡುಗಳಲ್ಲಿ ಸಿದ್ಧವಾಗುತ್ತವೆ. ಬಣ್ಣದ ಲೇಸರ್ ಆದರೆ ನಾಲ್ಕು ಬಣ್ಣಗಳನ್ನು ಒಂದರ ಮೇಲೊಂದು ಸರಿಯಾಗಿ ಕೂರಿಸಿಕೊಳ್ಳುವ ಹೊಂದಾಣಿಕೆಯನ್ನೂ ಆಗಾಗ ಮಾಡಿಕೊಳ್ಳುತ್ತದೆ, ಗುಂಯ್‌ಗುಟ್ಟುವ ಸದ್ದು ಅದರದೇ.

ಇದಿಷ್ಟು ಯಂತ್ರದ ಪಾಲು. ಅದನ್ನು ಬೇರ್ಪಡಿಸಿ ನೋಡುವುದು ಸುಲಭ. ಹತ್ತು ಹದಿನೈದು ನಿಮಿಷ ಪ್ರಿಂಟರನ್ನು ಮುಟ್ಟದೆ ಬಿಡಿ. ಆಮೇಲೆ ಪ್ರಿಂಟರಿನ ಮೇಲಿನ ಗುಂಡಿಯಿಂದಲೇ ಅದರ ಸ್ವಂತ ಪರೀಕ್ಷಾ ಹಾಳೆಯನ್ನು ಹೊರಡಿಸಿ, ಗಡಿಯಾರ ನೋಡಿಕೊಳ್ಳಿ. ಆ ಕೆಲಸದಲ್ಲಿ ಕಂಪ್ಯೂಟರಿಗೆ ಪಾತ್ರವೇ ಇಲ್ಲ. ಯಂತ್ರ ಮತ್ತೆ ತಣ್ಣಗಾದ ಮೇಲೆ ನೋಟ್‌ಪ್ಯಾಡಿನಲ್ಲಿ ಒಂದೇ ಸಾಲು ಬರೆದು ಮುದ್ರಿಸಿ. ಎರಡೂ ಸಮಯ ಹತ್ತಿರ ಹತ್ತಿರ ಇದ್ದರೆ ನಿಮ್ಮ ತಡ ಬಿಸಿಗೆ ಸೇರಿದ್ದು. ಅದಕ್ಕೆ ಇರುವ ಉಪಾಯ ನಿದ್ರೆಗೆ ಹೋಗುವ ಅವಧಿಯನ್ನು ಮೆನುವಿನಲ್ಲಿ ಹೆಚ್ಚಿಸುವುದು, ಕರೆಂಟು ಸ್ವಲ್ಪ ಹೆಚ್ಚು ಸುಡುತ್ತದೆ. ನೋಟ್‌ಪ್ಯಾಡಿನ ಸಾಲು ಬೇಗ ಬಂದು ನಿಮ್ಮ ಕಡತ ಮಾತ್ರ ತಡವಾದರೆ, ಗಂಟು ಇರುವುದು ಬೇರೆ ಕಡೆ.

ಕಾಲೇಜೊಂದರ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ವರದಿಗಳ ಕಾಲದಲ್ಲಿ ದಿನವೂ ನಡೆಯುವ ಪ್ರಸಂಗವನ್ನೇ ತೆಗೆದುಕೊಳ್ಳೋಣ. ವಿದ್ಯಾರ್ಥಿಯೊಬ್ಬ ಪೆನ್‌ಡ್ರೈವಿನಲ್ಲಿ 120 ಪುಟದ ಪಿಡಿಎಫ್ ತರುತ್ತಾನೆ. 90 ಪುಟ ಟೈಪ್ ಮಾಡಿದ್ದು, ಉಳಿದ 30 ಪುಟ ತುಂಬಿಸಿದ ಪ್ರಶ್ನಾವಳಿಗಳನ್ನು ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದು. ಎಲ್ಲ ಸೇರಿ 18 ಎಂಬಿ. ಪ್ರಿಂಟ್ ಒತ್ತಿದ ಮೇಲೆ ಮೊದಲ ಹಾಳೆಗೇ ನಿಮಿಷಗಟ್ಟಲೆ ಕಾಯಬೇಕು. ಆಮೇಲೆ ತೊಂಬತ್ತು ಹಾಳೆ ಸರಸರನೆ ಬಂದು, ಪ್ರಶ್ನಾವಳಿ ಶುರುವಾದೊಡನೆ ಹಾಳೆಗೊಂದು ನಿಲುಗಡೆ. "ಅಣ್ಣಾ, ಹದಿನೆಂಟೇ ಎಂಬಿ ಅಲ್ವಾ, ಯಾಕಿಷ್ಟು ಹೊತ್ತು?" ಎಂದು ಹುಡುಗ ಕೇಳುತ್ತಾನೆ. ಅವನ ಪ್ರಶ್ನೆ ಸರಿಯಾಗಿಯೇ ಇದೆ.

18 ಎಂಬಿ ಎಂಬುದು ಒತ್ತಿ ಮಡಿಸಿಟ್ಟ ಗಾತ್ರ. ಇಂಚಿಗೆ 300 ಚುಕ್ಕೆಯಂತೆ ಸ್ಕ್ಯಾನ್ ಆದ ಒಂದು ಎ4 ಪುಟದಲ್ಲಿ ಅಡ್ಡಕ್ಕೆ 2480, ಉದ್ದಕ್ಕೆ 3508 ಚುಕ್ಕೆಗಳಿರುತ್ತವೆ, ಒಟ್ಟು 87 ಲಕ್ಷ. ಬಣ್ಣದ ಪುಟದಲ್ಲಿ ಪ್ರತಿ ಚುಕ್ಕೆಗೆ ಮೂರು ಬೈಟ್ ಬೇಕು, ಅಂದರೆ ಪುಟಕ್ಕೆ 26 ಎಂಬಿ. ಜೆಪೆಗ್ ಅದನ್ನು ಅರ್ಧ ಎಂಬಿಗೆ ಇಳಿಸಿ ಪಿಡಿಎಫ್ ಒಳಗೆ ತುರುಕಿರುತ್ತದೆ. ಮುದ್ರಿಸುವಾಗ ಅದನ್ನು ಬಿಚ್ಚಲೇಬೇಕು. 30 ಪುಟ ಬಿಚ್ಚಿದರೆ 780 ಎಂಬಿ. ಪ್ರಿಂಟರಿನ ಚಾಲಕ ತಂತ್ರಾಂಶ, ಅಂದರೆ ಡ್ರೈವರ್, ಇದನ್ನು ಮತ್ತೆ ತನ್ನದೇ ರೀತಿಯಲ್ಲಿ ಕುಗ್ಗಿಸುತ್ತದೆಯಾದರೂ ಅದು ಜೆಪೆಗ್‌ನಷ್ಟು ಚಿಕ್ಕದಾಗುವುದು ಅಪರೂಪ. ಸರತಿಯ ಕಿಟಕಿಯಲ್ಲಿ Size ಎಂಬ ಅಂಕಣ ನೋಡಿ: 18 ಎಂಬಿಯ ಕಡತದ ಎದುರು 400 ಎಂಬಿ ಎಂದು ಕಂಡರೆ ಬೆಚ್ಚಬೇಕಾಗಿಲ್ಲ. ಆ 400 ಎಂಬಿ ದುರ್ಬಲ ವೈಫೈಯಲ್ಲಿ ಸೆಕೆಂಡಿಗೆ 2 ಎಂಬಿಯಂತೆ ಹರಿದರೆ ಸಾಗಣೆಗೇ ಮೂರು ನಿಮಿಷ ಮೀರುತ್ತದೆ.

ಈಗ ಸ್ಪೂಲರ್ ಮಾಡುವುದೇನು ನೋಡೋಣ. ವಿಂಡೋಸ್‌ನಲ್ಲಿ ಇದು spoolsv.exe ಎಂಬ ಹೆಸರಿನಲ್ಲಿ ಹಿನ್ನೆಲೆಯಲ್ಲಿ ಓಡುವ ಸೇವೆ. ನಿಧಾನದ ಪ್ರಿಂಟರಿಗಾಗಿ ನೀವು ಬಳಸುತ್ತಿರುವ ತಂತ್ರಾಂಶ ಕಾಯುತ್ತ ಕೂರಬಾರದೆಂದು ಸ್ಪೂಲರ್ ಪುಟಗಳನ್ನು ಡಿಸ್ಕಿನ ಮೇಲೆ ಬರೆದಿಟ್ಟುಕೊಂಡು, ಅಲ್ಲಿಂದ ತಾನೇ ಪ್ರಿಂಟರಿಗೆ ಉಣಿಸುತ್ತದೆ. C:\Windows\System32\spool\PRINTERS ಫೋಲ್ಡರಿನಲ್ಲಿ ಪ್ರತಿ ಕೆಲಸಕ್ಕೂ ಎರಡು ಕಡತ ಹುಟ್ಟುತ್ತವೆ. .SPL ಎಂಬುದರಲ್ಲಿ ಪುಟಗಳು, .SHD ಎಂಬುದರಲ್ಲಿ ಯಾರು ಕಳಿಸಿದರು, ಯಾವ ಪ್ರಿಂಟರಿಗೆ ಎಂಬ ವಿವರ. ದೊಡ್ಡ ಕೆಲಸ ನಡೆಯುತ್ತಿರುವಾಗ ಆ ಫೋಲ್ಡರನ್ನು ತೆರೆದು ಆಗಾಗ ರಿಫ್ರೆಶ್ ಮಾಡಿದರೆ .SPL ಊದಿಕೊಳ್ಳುತ್ತ ಹೋಗುವುದು ಕಣ್ಣಿಗೇ ಕಾಣುತ್ತದೆ.

ಮೊದಲ ಹಾಳೆಯ ತಡಕ್ಕೆ ಇಲ್ಲೊಂದು ಸೆಟ್ಟಿಂಗ್ ನೇರವಾಗಿ ಹೊಣೆ. Printer properties ತೆರೆದು Advanced ಪುಟಕ್ಕೆ ಹೋದರೆ ಎರಡು ಆಯ್ಕೆಗಳಿವೆ. Start printing immediately ಎಂದಿದ್ದರೆ ಮೊದಲ ಪುಟ ಡಿಸ್ಕಿಗೆ ಬಿದ್ದೊಡನೆ ಪ್ರಿಂಟರಿಗೆ ಹೊರಡುತ್ತದೆ. Start printing after last page is spooled ಎಂದಿದ್ದರೆ 120ನೆಯ ಪುಟ ಡಿಸ್ಕಿಗೆ ಬೀಳುವವರೆಗೂ ಒಂದು ಹಾಳೆಯೂ ಅಲುಗಾಡುವುದಿಲ್ಲ. ನಮ್ಮ ಹುಡುಗನ ಪ್ರಕರಣದಲ್ಲಿ ಈ ಎರಡನೆಯದು ಆನ್ ಆಗಿದ್ದರೆ ಮೊದಲ ಹಾಳೆ ಕಾಯುತ್ತಿರುವುದು ಕೊನೆಯ ಪ್ರಶ್ನಾವಳಿಗಾಗಿ. ಹಾಗೆಂದು ಇದು ಕೆಟ್ಟ ಆಯ್ಕೆಯಲ್ಲ. ಐದಾರು ಜನ ಒಂದೇ ಪ್ರಿಂಟರ್ ಹಂಚಿಕೊಂಡ ಕಚೇರಿಯಲ್ಲಿ ಅರ್ಧಂಬರ್ಧ ಸಿದ್ಧವಾದ ಕೆಲಸ ಪ್ರಿಂಟರನ್ನು ಹಿಡಿದಿಟ್ಟುಕೊಳ್ಳುವುದನ್ನು ಇದು ತಪ್ಪಿಸುತ್ತದೆ. ಒಬ್ಬರೇ ಬಳಸುವ ಕಡೆ ಮಾತ್ರ ಇದರ ಅಗತ್ಯವಿಲ್ಲ.

ಪುಸ್ತಕದಂತೆ ಮಡಿಸುವ ಬುಕ್‌ಲೆಟ್ ಮುದ್ರಣದಲ್ಲಂತೂ ತಡ ತಪ್ಪಿದ್ದಲ್ಲ. 40 ಪುಟದ ಕಿರುಹೊತ್ತಗೆಯ ಮೊದಲ ಹಾಳೆಯ ಒಂದು ಮಗ್ಗುಲಲ್ಲಿ 1ನೇ ಪುಟವೂ 40ನೇ ಪುಟವೂ ಅಕ್ಕಪಕ್ಕ ಕೂರಬೇಕು. ಕೊನೆಯ ಪುಟ ತಯಾರಾಗದೆ ಮೊದಲ ಹಾಳೆ ಹೇಗೆ ಬಂದೀತು?

ಇನ್ನು ಪ್ರಶ್ನಾವಳಿಯ ನಡುವಿನ ನಿಲುಗಡೆಗಳು. ಲೇಸರ್ ಯಂತ್ರದ ಡ್ರಮ್ ಒಮ್ಮೆ ತಿರುಗಲು ಶುರುವಾದರೆ ಪುಟದ ಮಧ್ಯದಲ್ಲಿ ನಿಲ್ಲುವಂತಿಲ್ಲ. ನಿಂತರೆ ಅಕ್ಷರ ಅಲ್ಲೇ ತುಂಡಾಗುತ್ತದೆ. ಹಾಗಾಗಿ ಇಡೀ ಪುಟದ ಚುಕ್ಕೆಗಳು ಕೈಗೆ ಸಿಗುವ ಖಾತ್ರಿಯಾದ ಮೇಲೆಯೇ ಅದು ಕಾಗದವನ್ನು ಎಳೆದುಕೊಳ್ಳುತ್ತದೆ. ಇಂಚಿಗೆ 600 ಚುಕ್ಕೆಯಂತೆ ಎ4 ಪುಟಕ್ಕೆ ಸುಮಾರು ಮೂರೂವರೆ ಕೋಟಿ ಚುಕ್ಕೆ. ಕಪ್ಪುಬಿಳುಪಿನಲ್ಲಿ ಚುಕ್ಕೆಗೊಂದು ಬಿಟ್ ಎಂದರೂ 4 ಎಂಬಿ ಮೀರುತ್ತದೆ. 1200ಕ್ಕೆ ಏರಿಸಿದರೆ ನಾಲ್ಕು ಪಟ್ಟು. 1984ರಲ್ಲಿ ಬಂದ ಎಚ್‌ಪಿಯ ಮೊದಲ ಲೇಸರ್‌ಜೆಟ್‌ನಲ್ಲಿ ಇದ್ದದ್ದು 128 ಕೆಬಿ ಸ್ಮರಣೆ. ಇಂಚಿಗೆ 300 ಚುಕ್ಕೆಯ ಪೂರ್ತಿ ಪುಟಚಿತ್ರಕ್ಕೆ ಒಂದು ಎಂಬಿ ಬೇಕಾಗಿದ್ದರಿಂದ ಅದು ಆ ಗುಣಮಟ್ಟದಲ್ಲಿ ಪುಟ ತುಂಬ ಚಿತ್ರ ಮುದ್ರಿಸಲಾರದಾಗಿತ್ತು. ಅಕ್ಷರಗಳನ್ನು ತನ್ನೊಳಗಿನ ಫಾಂಟಿನಿಂದಲೇ ಮೂಡಿಸುತ್ತಿದ್ದರಿಂದ ಅದಕ್ಕೆ ಅಷ್ಟು ಸಾಕಾಗಿತ್ತು.

ಇಂದಿನ ಅಗ್ಗದ ಲೇಸರ್ ಯಂತ್ರಗಳಲ್ಲಿ ಹಲವು ಈ ಚುಕ್ಕೆ ಹಾಕುವ ಕೆಲಸವನ್ನು ತಾವು ಮಾಡುವುದೇ ಇಲ್ಲ, ಕಂಪ್ಯೂಟರಿಗೆ ಒಪ್ಪಿಸುತ್ತವೆ. ಅಂಥ ಪ್ರಿಂಟರಿಗೆ ಹಳೆಯ, ಕಡಿಮೆ ಸ್ಮರಣೆಯ ಕಂಪ್ಯೂಟರ್ ಜೋಡಿಸಿದರೆ ಪ್ರಿಂಟರ್ ಹೊಸದಾದರೂ ಕೆಲಸ ತೆವಳುತ್ತದೆ. ಕಿವಿಗೊಟ್ಟರೆ ಇದು ಗೊತ್ತಾಗುತ್ತದೆ. ಹಾಳೆ ಬಂದ ಮೇಲೆ ಮೋಟಾರು ಇಳಿದು ನಿಂತು, ದೀಪ ಮಿಣುಕಿ, ಮತ್ತೆ ಏರಿದರೆ ಯಂತ್ರ ಮಾಹಿತಿಗಾಗಿ ಕಾಯುತ್ತಿದೆ ಎಂದರ್ಥ. ಲೆಕ್ಕದಲ್ಲೂ ಹಿಡಿಯಬಹುದು: ನಿಮಿಷಕ್ಕೆ 20ರ ಯಂತ್ರಕ್ಕೆ 120 ಹಾಳೆ ಆರು ನಿಮಿಷದ ಕೆಲಸ. ಇಪ್ಪತ್ತೈದು ನಿಮಿಷ ಹಿಡಿದರೆ ಉಳಿದ ಹತ್ತೊಂಬತ್ತು ನಿಮಿಷ ಕಾಯುವುದರಲ್ಲೇ ಹೋಗಿದೆ. ಆಗ ಇನ್ನೂ ವೇಗದ ಪ್ರಿಂಟರ್ ಕೊಳ್ಳುವುದು ದುಡ್ಡು ಹಾಳು ಮಾಡಿದಂತೆ.

ಕನ್ನಡದ ಕಡತಗಳಿಗೆ ಇನ್ನೊಂದು ಕಾರಣವೂ ಇದೆ, ಇದನ್ನು ನಾನು ಒತ್ತಿ ಹೇಳಬೇಕು. ಪ್ರಿಂಟರಿನೊಳಗೆ ಕಾಯಂ ಕೂತಿರುವ ಫಾಂಟುಗಳು ಬಹುತೇಕ ಇಂಗ್ಲಿಷಿನವು. ಕನ್ನಡದ ಅಕ್ಷರರೂಪಗಳನ್ನು ಕೆಲಸದ ಜೊತೆಗೇ ಕಳಿಸಬೇಕು. ಆದರೂ ಅದು ದೊಡ್ಡ ಹೊರೆಯಲ್ಲ, ಒಮ್ಮೆ ಹೋದರೆ ಮುಂದಿನ ಪುಟಗಳೂ ಅದನ್ನೇ ಬಳಸಿಕೊಳ್ಳಬಹುದು. ಹೊರೆ ಬೀಳುವುದು ಎಂದೋ ಒಂದು ಪಿಡಿಎಫ್‌ನಲ್ಲಿ ಒತ್ತಕ್ಷರಗಳು ಚದುರಿ ಬಂದಾಗ. ಅಕ್ರೊಬ್ಯಾಟ್ ರೀಡರಿನ Print ಕಿಟಕಿಯಲ್ಲಿ Advanced ಒತ್ತಿ, Print As Image ಎಂಬುದಕ್ಕೆ ಗುರುತು ಹಾಕಿ ಎಂದು ಯಾರಾದರೂ ಹೇಳಿಕೊಡುತ್ತಾರೆ. ಒತ್ತು ಸರಿಯಾಗುತ್ತದೆ, ನಿಜ. ಆದರೆ ಆಗ ಅಕ್ಷರಗಳೆಲ್ಲ ಚಿತ್ರವಾಗುತ್ತವೆ, ಕೆಲವು ಹತ್ತು ಕೆಬಿಯಲ್ಲಿ ಮುಗಿಯುತ್ತಿದ್ದ ಪುಟ ಎಂಬಿಗಳ ಲೆಕ್ಕಕ್ಕೆ ಏರುತ್ತದೆ. ಬರೀ ಅಕ್ಷರವಿರುವ ಪುಟಗಳೂ ಪ್ರಶ್ನಾವಳಿಯಷ್ಟೇ ನಿಧಾನವಾಗಿ ಬರುತ್ತಿದ್ದರೆ ಮೊದಲು ನೋಡಬೇಕಾದದ್ದು ಈ ಗುರುತನ್ನು. ಕೆಟ್ಟ ಕಡತವೊಂದಕ್ಕೆ ಅದು ಮದ್ದು. ಎಲ್ಲ ಕಡತಕ್ಕೂ ಹಾಕಿಟ್ಟುಕೊಂಡರೆ ಅಂಗಡಿಯೇ ನಿಧಾನವಾಗುತ್ತದೆ.

ಹುಡುಗನ ವರದಿಗೆ ಮದ್ದು ಹೀಗೆ: ಪ್ರಶ್ನಾವಳಿಗಳನ್ನು ಬಣ್ಣ ತೆಗೆದು ಬೂದು ಛಾಯೆಯಲ್ಲಿ, ಇಂಚಿಗೆ 150 ಚುಕ್ಕೆಗೆ ಇಳಿಸಿ ಉಳಿಸುವುದು. ಚುಕ್ಕೆ ಕಾಲು ಭಾಗಕ್ಕೆ, ಬಣ್ಣ ಮೂರರಲ್ಲಿ ಒಂದಕ್ಕೆ ಇಳಿದು 26 ಎಂಬಿಯ ಪುಟ ಸುಮಾರು 2 ಎಂಬಿ ಆಗುತ್ತದೆ. ಕೈಬರಹ ತೀರಾ ಸಣ್ಣದಾಗಿದ್ದರೆ 200ಕ್ಕೆ ನಿಲ್ಲಿಸಬೇಕು, 150ರಲ್ಲಿ ಅದು ಮಸುಕಾಗುತ್ತದೆ. ಕಡತ ಮುಟ್ಟುವಷ್ಟು ಸಮಯವಿಲ್ಲದಿದ್ದರೆ 90 ಪುಟಗಳನ್ನು ಒಂದು ಕೆಲಸವಾಗಿ, ಪ್ರಶ್ನಾವಳಿಯನ್ನು ಹತ್ತತ್ತು ಪುಟದ ಮೂರು ಕೆಲಸಗಳಾಗಿ ಕಳಿಸಿ. ಸ್ಪೂಲ್ ಕಡತ ಚಿಕ್ಕದಿರುತ್ತದೆ, ನಡುವೆ ಸಿಕ್ಕಿಕೊಂಡರೂ ಮತ್ತೆ ತೆಗೆಯಬೇಕಾದದ್ದು ಹತ್ತೇ ಪುಟ.

ರದ್ದು ಮಾಡಿದ ಕೆಲಸ Deleting ಎಂದೇ ಸರತಿಯಲ್ಲಿ ಕುಳಿತು ಹಿಂದಿನವರ ದಾರಿ ಕಟ್ಟಿದಾಗ ಕಮಾಂಡ್ ಪ್ರಾಂಪ್ಟನ್ನು ನಿರ್ವಾಹಕರಾಗಿ ತೆರೆದು ಹೀಗೆ ಬರೆಯಬೇಕು:

```
net stop spooler
del /Q /F %systemroot%\System32\spool\PRINTERS\*.*
net start spooler
```

ಇದರಿಂದ ಸರತಿಯಲ್ಲಿರುವ ಎಲ್ಲರ ಕೆಲಸವೂ ಅಳಿಯುತ್ತದೆ, ಹಂಚಿಕೊಂಡ ಪ್ರಿಂಟರ್ ಆದರೆ ಉಳಿದವರಿಗೆ ಮೊದಲೇ ಹೇಳಿ. ಇಷ್ಟಾದರೂ ದೊಡ್ಡ ಕಡತಗಳು ಮಾತ್ರ ಅರ್ಧಕ್ಕೆ ನಿಲ್ಲುತ್ತಿದ್ದರೆ ಸಿ ಡ್ರೈವ್‌ನಲ್ಲಿ ಎಷ್ಟು ಜಾಗ ಉಳಿದಿದೆ ನೋಡಿ. .SPL ಕಡತ ಊದಿಕೊಳ್ಳುವುದು ಅಲ್ಲೇ. ಜಾಗ ಸಾಲದಿದ್ದರೆ Print server properties ಕಿಟಕಿಯ Advanced ಪುಟದಲ್ಲಿ ಸ್ಪೂಲ್ ಫೋಲ್ಡರನ್ನು ಬೇರೆ ಡ್ರೈವ್‌ಗೆ ಬದಲಿಸಬಹುದು. ಬದಲಾವಣೆ ತಕ್ಷಣವೇ ಜಾರಿಯಾಗಿ, ಆಗ ಸರತಿಯಲ್ಲಿ ಬಾಕಿ ಉಳಿದಿದ್ದ ಕೆಲಸಗಳು ಮುದ್ರಣವಾಗುವುದಿಲ್ಲ. ಅದಕ್ಕೇ ಅಂಗಡಿ ಬಾಗಿಲು ಹಾಕುವ ಹೊತ್ತಿಗೆ, ಸರತಿ ಖಾಲಿಯಾದ ಮೇಲೆ ಅದನ್ನು ಮಾಡುವುದು ಮೇಲು.