ಅಕ್ಕ ಹೋಗದ ಗೃಹಪ್ರವೇಶ

ಶಿವಮೊಗ್ಗದ ಒಂದು ಹೊಸ ಮನೆಯ ಬಾಗಿಲಲ್ಲಿ ತೆಗೆದ ಕುಟುಂಬದ ಫೋಟೋ. ಎಡಗಡೆ, ಚಿಕ್ಕಮ್ಮನ ಪಕ್ಕದಲ್ಲಿ, ಕೆಂಪು ರೇಷ್ಮೆ ಸೀರೆಯುಟ್ಟ ಅಕ್ಕ ನಗುತ್ತ ನಿಂತಿದ್ದಾಳೆ. ಆದರೆ ಅಕ್ಕ ಆ ದಿನ ಮೈಸೂರಿನ ತನ್ನ ಮನೆಯಲ್ಲಿದ್ದಳು. ಅವಳ ಅತ್ತೆ ತೀರಿಕೊಂಡು ಎಂಟು ತಿಂಗಳಾಗಿತ್ತು. ವರ್ಷಾಬ್ದಿಕ ಮುಗಿಯುವವರೆಗೆ ಶುಭಕಾರ್ಯಗಳಿಗೆ ಹೋಗುವುದು ಬೇಡ ಎಂದು ಗಂಡನ ಮನೆಯವರು ಕೂತು ಮಾತಾಡಿಕೊಂಡಿದ್ದರು.

ಅವಳನ್ನು ಫೋಟೋದೊಳಗೆ ತಂದು ನಿಲ್ಲಿಸಿದವನು ಚಿಕ್ಕಪ್ಪನ ಮಗ. ಮನೆಮಂದಿಯೆಲ್ಲ ಇದ್ದಾರೆ, ಅಕ್ಕ ಒಬ್ಬಳೇ ಇಲ್ಲವಲ್ಲ ಎಂಬ ಪ್ರೀತಿಗೇ ಮಾಡಿದ್ದು. ಹಳೆಯ ಮದುವೆಯೊಂದರ ಫೋಟೋದಿಂದ ಅವಳನ್ನು ಬೇರ್ಪಡಿಸಿದ, ಚಿಕ್ಕಮ್ಮನ ಹಿಂದೆ ಸ್ವಲ್ಪ ಮರೆಯಾಗುವಂತೆ ಕೂಡಿಸಿದ. ಪಾದಗಳು ಕಾಣದಿದ್ದರೆ ಇಂಥ ಚಿತ್ರದ ಅರ್ಧ ಕಷ್ಟ ಕಳೆದಂತೆ, ಏಕೆಂದರೆ ನೆಲದ ಮೇಲೆ ನೆರಳು ಬರೆಯುವ ಗೋಜು ಇರುವುದಿಲ್ಲ. ಕಣ್ಣಿಟ್ಟು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಉಳಿದವರ ಮುಖಕ್ಕೆ ಬಲಗಡೆಯಿಂದ ಬೆಳಗಿನ ಬಿಸಿಲು ಬಿದ್ದಿದೆ; ಅಕ್ಕನ ಮುಖ ಮಾತ್ರ ಫ್ಲ್ಯಾಶ್ ಬೆಳಕಿನಲ್ಲಿ ಎಲ್ಲ ಕಡೆ ಒಂದೇ ಸಮ ಬೆಳಗಿದೆ. ಮುಡಿದ ಮಲ್ಲಿಗೆಯ ಅಂಚು ಕತ್ತರಿಯಲ್ಲಿ ಕತ್ತರಿಸಿದಷ್ಟು ನೇರವಾಗಿದೆ. ಆದರೆ ಅಂಗೈಯಗಲದ ಫೋನಿನಲ್ಲಿ ಇಷ್ಟೆಲ್ಲ ನೋಡುವವರು ಯಾರು?

ಚಿತ್ರ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಯಿತು, ಅವನ ಸ್ಟೇಟಸ್‌ಗೂ ಏರಿತು. ಯಾರೋ ನೆಂಟರು ಅದನ್ನು ಅಕ್ಕನ ಗಂಡನ ಮನೆಯವರ ಗುಂಪಿಗೆ ದಾಟಿಸಿದರು. ಸಂಜೆಯೊಳಗೆ ನಾದಿನಿಯ ಪ್ರಶ್ನೆ ಬಂತು: 'ಗೃಹಪ್ರವೇಶಕ್ಕೆ ಹೋಗಿದ್ರಾ ಅತ್ತಿಗೆ? ಹೇಳಲೇ ಇಲ್ಲ.'

ಫೋಟೋ ಕೂಡಿಸುವುದು ನಮಗೆ ಹೊಸತೇನಲ್ಲ. ತೀರಿಕೊಂಡ ತಂದೆಯ ಚಿತ್ರವನ್ನು ತಾಯಿಯ ಚಿತ್ರದ ಪಕ್ಕಕ್ಕೆ ಸೇರಿಸಿ ಕಟ್ಟು ಹಾಕಿಸಿಕೊಡುವ ಕೆಲಸವನ್ನು ನಮ್ಮೂರುಗಳ ಸ್ಟುಡಿಯೋದವರು ಬಹಳ ಕಾಲದಿಂದ ಮಾಡಿದ್ದಾರೆ. ಅಲ್ಲಿ ಮನೆಯವರೇ ಹೋಗಿ ಕೇಳುತ್ತಿದ್ದರು. ಚಿತ್ರ ನಡುಮನೆಯ ಗೋಡೆಯಲ್ಲೇ ಇರುತ್ತಿತ್ತು. ಅದು ಕೂಡಿಸಿದ್ದೆಂದು ಮನೆಗೆಲ್ಲ ಗೊತ್ತಿತ್ತು. ಶಿವಮೊಗ್ಗದ ಚಿತ್ರಕ್ಕೆ ಈ ಮೂರೂ ಇರಲಿಲ್ಲ. ಅದು ಅಕ್ಕ ಮಾಡದ ಕೆಲಸವನ್ನು ಮಾಡಿದಳೆಂದು ಹೇಳುತ್ತಿತ್ತು.

ತಮ್ಮನ ಮೊದಲ ಸಂದೇಶ ಹೀಗಿತ್ತು: 'ಬೇಜಾರಾಗಿದ್ರೆ ಸಾರಿ ಅಕ್ಕ. ತಮಾಷೆಗೆ ಮಾಡಿದ್ದು.' ಅಕ್ಕ ಉತ್ತರ ಕೊಡಲಿಲ್ಲ. ಕೊಡದಿದ್ದುದರಲ್ಲಿ ನ್ಯಾಯವಿದೆ. 'ಆಗಿದ್ರೆ' ಎಂಬ ಪುಟ್ಟ ಪದ ತಪ್ಪನ್ನು ಮಾಡಿದವನಿಂದ ಎತ್ತಿ ಬೇಜಾರು ಮಾಡಿಕೊಂಡವಳ ತಲೆಗೆ ಕಟ್ಟುತ್ತದೆ. ನಮ್ಮ ಮನೆಗಳಲ್ಲಿ ಬಾಯಿಗೆ ಸಲೀಸಾಗಿ ಬರುವ 'ತಪ್ಪಾಯ್ತು' ಕೂಡ ಒಂದು ಜಾಣ ಮಾತೇ. ತಪ್ಪು ತಾನಾಗಿ ಆಯಿತು, ಮಳೆ ಬಂದ ಹಾಗೆ. 'ತಪ್ಪು ಮಾಡಿದೆ' ಎನ್ನುವಾಗ ಮಾತ್ರ ಮಾಡಿದವನು ವಾಕ್ಯದೊಳಗೆ ಬಂದು ನಿಲ್ಲುತ್ತಾನೆ.

ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕ್ಷಮೆಯಾಚನೆಯ ಆರು ಭಾಗಗಳನ್ನು ತೂಗಿ ನೋಡಿದ್ದರು. ಎಲ್ಲಕ್ಕಿಂತ ಭಾರವಾಗಿ ಕಂಡದ್ದು ತಪ್ಪು ನನ್ನದೆಂದು ಒಪ್ಪಿಕೊಳ್ಳುವುದು, ಅದರ ನಂತರ ಕೆಟ್ಟದ್ದನ್ನು ಸರಿಪಡಿಸುತ್ತೇನೆನ್ನುವುದು. ಕ್ಷಮಿಸಿಬಿಡಿ ಎಂಬ ಬೇಡಿಕೆಯ ತೂಕವೇ ಎಲ್ಲಕ್ಕಿಂತ ಕಡಿಮೆ.

ತಮ್ಮ ಆ ಅಧ್ಯಯನ ಓದಿದವನಲ್ಲ, ಅವನಮ್ಮ ಬೈದಿದ್ದರು. ಮರುದಿನ ಇನ್ನೊಂದು ಸಂದೇಶ ಕಳಿಸಿದ: 'ಅಕ್ಕ, ನಿನ್ನನ್ನ ಕೇಳದೆ ನಿನ್ನ ಫೋಟೋ ಸೇರಿಸಿ ಹಾಕಿದೆ. ಅದು ನಾನು ಮಾಡಿದ ತಪ್ಪು. ನೀನ್ಯಾಕೆ ಬಂದಿಲ್ಲ ಅಂತ ಗೊತ್ತಿದ್ದೂ ಯೋಚನೆ ಮಾಡಲಿಲ್ಲ. ಗುಂಪಿನಿಂದ, ಸ್ಟೇಟಸ್‌ನಿಂದ ತೆಗೆದಿದ್ದೀನಿ. ನೀನು ಒಪ್ಪಿದರೆ ಭಾವನಿಗೂ ನಿನ್ನ ನಾದಿನಿಗೂ ನಾನೇ ಫೋನ್ ಮಾಡಿ ಹೇಳ್ತೀನಿ.'

ಕೊನೆಯ ಮಾತಿನಲ್ಲಿರುವ 'ನೀನು ಒಪ್ಪಿದರೆ' ಎಂಬುದೇ ಈ ಸಂದೇಶದ ಜೀವ. ಮೊದಲ ಸಲ ಕೇಳದೆ ಮಾಡಿದವನು ಎರಡನೆಯ ಸಲ ಕೇಳಿದ್ದಾನೆ.

ತೆಗೆದದ್ದರಿಂದ ಎಷ್ಟು ಪ್ರಯೋಜನ? ವಾಟ್ಸಾಪ್‌ನಲ್ಲಿ ಎಲ್ಲರ ಫೋನಿನಿಂದಲೂ ಸಂದೇಶ ಅಳಿಸಲು ಸುಮಾರು ಎರಡೂವರೆ ದಿನದ ಅವಕಾಶವಿದೆ. ಅಳಿಸಿದ ಜಾಗದಲ್ಲಿ ಸಂದೇಶ ಅಳಿಸಲಾಗಿದೆ ಎಂಬ ಗುರುತು ಉಳಿಯುತ್ತದೆ. ಸ್ಟೇಟಸ್ ಹೇಗೂ 24 ಗಂಟೆಗೆ ಮರೆಯಾಗುತ್ತದೆ. ಆದರೆ ಬೇರೆಯವರು ದಾಟಿಸಿದ ಪ್ರತಿ ಅವರ ಸ್ವತ್ತು; ಮೊದಲು ಹಾಕಿದವನಿಂದ ಅದನ್ನು ಅಳಿಸಲಾಗದು. ಗ್ಯಾಲರಿಗೆ ಇಳಿಸಿಕೊಂಡವರ ಫೋನಿನಲ್ಲೂ ಅದು ಉಳಿದೀತು. ಹಾಗಾಗಿ ಚಿತ್ರ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ತಿದ್ದುಪಡಿಯೂ ಹೋಗಬೇಕು.

ಅಕ್ಕ ಒಪ್ಪಿದಳು. ಗಂಡನ ಮನೆಯ ಗುಂಪಿನಲ್ಲಿ ಆ ಚಿತ್ರ ಇನ್ನೂ ಇದೆ. ಅದರ ಕೆಳಗೆ ಭಾವ ಹಾಕಿದ ತಮ್ಮನ ಎರಡು ಸಾಲೂ ಇವೆ: 'ಅಕ್ಕ ಗೃಹಪ್ರವೇಶಕ್ಕೆ ಬಂದಿರಲಿಲ್ಲ. ಅವಳ ಹಳೆಯ ಫೋಟೋನ ಅವಳನ್ನ ಕೇಳದೆ ಸೇರಿಸಿದವನು ನಾನು.'