ಗುಂಡಿ ರಸ್ತೆಗೆ ಯಾವ ಚಕ್ರ?

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಕೊಳ್ಳಲು ಹೋದವರಿಗೆ ಒಂದೇ ಎಂಜಿನ್ ಇರುವ ಎರಡು ಬಗೆಯ ಗಾಡಿಗಳು ಕಾಣಸಿಗುತ್ತವೆ. ಒಂದರಲ್ಲಿ ಹೊಳೆಯುವ ಸ್ಪೋಕ್ ಕಡ್ಡಿಗಳ ಚಕ್ರ, ಅದರೊಳಗೆ ಟ್ಯೂಬ್. ಇನ್ನೊಂದರಲ್ಲಿ ಅಲಾಯ್ ಚಕ್ರ, ಟ್ಯೂಬ್‌ಲೆಸ್ ಟೈರ್. ಹೆಚ್ಚಿನವರು ಅಂದ ನೋಡಿ ಆರಿಸುತ್ತಾರೆ. ಆದರೆ ಮನೆಯಿಂದ ಟಾರು ರಸ್ತೆಗೆ ಬರಲು ಎರಡು ಮೈಲಿ ಕಲ್ಲುದಾರಿ ಇರುವವರಿಗೆ, ಮಳೆಗಾಲ ಮುಗಿಯುವಷ್ಟರಲ್ಲಿ ಊರ ರಸ್ತೆಯೆಲ್ಲ ಗುಂಡಿಯಾಗುವವರಿಗೆ ಈ ಆಯ್ಕೆ ದಿನವೂ ಅನುಭವಕ್ಕೆ ಬರುತ್ತದೆ.

ಇಲ್ಲಿರುವುದು ಎರಡು ಪ್ರಶ್ನೆಗಳು. ಚಕ್ರ ಪೆಟ್ಟನ್ನು ಹೇಗೆ ತಡೆದುಕೊಳ್ಳುತ್ತದೆ ಎನ್ನುವುದು ಒಂದು, ಗಾಳಿಯನ್ನು ಹೇಗೆ ಹಿಡಿದಿಡುತ್ತದೆ ಎನ್ನುವುದು ಇನ್ನೊಂದು. ಎರಡೂ ಗಂಟುಬಿದ್ದಿರುವುದಕ್ಕೆ ಒಂದು ಸಣ್ಣ ಕಾರಣವಿದೆ. ಸ್ಪೋಕ್ ಚಕ್ರದ ರಿಮ್ಮಿನ ನಡುವೆ ಪ್ರತಿ ಕಡ್ಡಿಗೂ ಒಂದೊಂದು ತೂತು ಇರುತ್ತದೆ. ಮೂವತ್ತಾರು ಕಡ್ಡಿಗೆ ಮೂವತ್ತಾರು ತೂತು. ಅಷ್ಟರಲ್ಲಿ ಗಾಳಿ ನಿಲ್ಲುವುದಿಲ್ಲ, ಹಾಗಾಗಿ ಒಳಗೆ ಟ್ಯೂಬ್ ಬೇಕೇ ಬೇಕು. ಅಲಾಯ್ ಚಕ್ರವನ್ನು ಒಂದೇ ತುಂಡಾಗಿ ಎರಕ ಹೊಯ್ದಿರುತ್ತಾರೆ. ವಾಲ್ವಿನ ಜಾಗ ಬಿಟ್ಟರೆ ಬೇರೆ ತೂತಿಲ್ಲ, ಆದ್ದರಿಂದ ಟೈರಿನ ಅಂಚು ರಿಮ್ಮಿಗೆ ಗಟ್ಟಿಯಾಗಿ ಕೂತರೆ ಟ್ಯೂಬ್ ಇಲ್ಲದೆಯೂ ಗಾಳಿ ಉಳಿಯುತ್ತದೆ.

ಮೊದಲು ಪೆಟ್ಟಿನ ಮಾತು. ಎತ್ತಿನಗಾಡಿಯ ಚಕ್ರದಲ್ಲಿ ಭಾರವೆಲ್ಲ ಕೆಳಗಿನ ಮರದ ಅರೆಯ ಮೇಲೆ ನಿಂತಿರುತ್ತದೆ. ಬೈಕಿನ ತೆಳು ಕಡ್ಡಿ ಹಾಗೆ ಭಾರ ಹೊರಲಾರದು, ಅದರ ಬಲವೆಲ್ಲ ಎಳೆತದಲ್ಲಿದೆ. ಎಲ್ಲ ಕಡ್ಡಿಗಳೂ ರಿಮ್ಮನ್ನು ನಡುವಿನ ಹಬ್ಬಿನ ಕಡೆಗೆ ಬಿಗಿಯಾಗಿ ಎಳೆದು ಹಿಡಿದಿರುತ್ತವೆ. ಚಕ್ರ ಕಲ್ಲಿಗೆ ಬಡಿದಾಗ ಕೆಳಗಿನ ಕೆಲವು ಕಡ್ಡಿಗಳ ಎಳೆತ ಆ ಕ್ಷಣಕ್ಕೆ ಕಡಿಮೆಯಾಗುತ್ತದೆ, ರಿಮ್ ಕೊಂಚ ಬಾಗುತ್ತದೆ, ಮರುಕ್ಷಣ ತನ್ನ ಆಕಾರಕ್ಕೆ ಮರಳುತ್ತದೆ. ಪೆಟ್ಟು ಜೋರಾದರೆ ರಿಮ್ ಬಾಗಿದಲ್ಲೇ ಉಳಿಯುತ್ತದೆ, ಆದರೂ ಗಾಡಿ ಸಾಮಾನ್ಯವಾಗಿ ನಿಧಾನಕ್ಕೆ ಮನೆ ಸೇರುತ್ತದೆ. ಆಮೇಲೆ ಕಡ್ಡಿಗಳನ್ನು ಒಂದು ಕಡೆ ಸಡಿಲಿಸಿ ಇನ್ನೊಂದು ಕಡೆ ಬಿಗಿದು ಬೆಂಡ್ ತೆಗೆಯಬಹುದು. ಕಡ್ಡಿ ಮುರಿದರೆ ಅದೊಂದನ್ನೇ ಬದಲಿಸಬಹುದು. ರಿಮ್ ಪೂರ್ತಿ ಕೆಟ್ಟರೆ ಹಬ್ ಉಳಿಸಿಕೊಂಡು ರಿಮ್ ಮಾತ್ರ ಹೊಸದು ಹಾಕಿಸಬಹುದು.

ಎರಕದ ಅಲ್ಯೂಮಿನಿಯಂಗೆ ಆ ಬಾಗುವ ಗುಣ ಕಡಿಮೆ. ಮಾಮೂಲಿ ಗುಂಡಿಗಳಿಗೆ ಅದು ಜಗ್ಗುವುದಿಲ್ಲ. ವರ್ಷಗಟ್ಟಲೆ ಓಡಿಸಿದರೂ ಕಡ್ಡಿ ಬಿಗಿಸುವ ತಲೆನೋವಿಲ್ಲ, ತುಕ್ಕು ಹಿಡಿಯುವುದಿಲ್ಲ, ಕೆಸರು ತೊಳೆಯುವುದು ಸುಲಭ. ಆದರೆ ಮಿತಿ ದಾಟಿದ ಪೆಟ್ಟು ಬಿದ್ದರೆ ಅಂಚು ತಗ್ಗುತ್ತದೆ ಅಥವಾ ಸೀಳು ಬಿಡುತ್ತದೆ. ಅಂಚು ತಗ್ಗಿದರೆ ಟೈರಿಗೂ ರಿಮ್ಮಿಗೂ ನಡುವೆ ಸಂದಾಗಿ ಗಾಳಿ ಸೋರುತ್ತದೆ. ಸೀಳು ಬಿಟ್ಟ ಚಕ್ರವಂತೂ ಮುಗಿದ ಹಾಗೆಯೇ. ಬಿಸಿ ಮಾಡಿ ಒತ್ತಿ ಸರಿಮಾಡುವ, ವೆಲ್ಡಿಂಗ್ ಮಾಡಿಕೊಡುವ ಅಂಗಡಿಗಳು ನಮ್ಮಲ್ಲೂ ಇವೆ. ಅಂಚಿನ ಸಣ್ಣ ತಗ್ಗನ್ನು ಸರಿಮಾಡಿಸುವುದಕ್ಕೆ ಅಡ್ಡಿಯಿಲ್ಲ. ಸೀಳಿಗೆ ವೆಲ್ಡಿಂಗ್ ಮಾಡಿಸಿ ಹೆದ್ದಾರಿಗೆ ಇಳಿಯುವುದನ್ನು ಮಾತ್ರ ನಾನು ಯಾರಿಗೂ ಹೇಳಲಾರೆ. ಕಾಯಿಸಿದ ಜಾಗದಲ್ಲಿ ಲೋಹದ ಗಟ್ಟಿತನವೇ ಬದಲಾಗಿರುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ.

ಇನ್ನು ಗಾಳಿಯ ವಿಚಾರ. ಟ್ಯೂಬಿಗೆ ಮೊಳೆ ಚುಚ್ಚಿದರೆ ತೂತು ಅಷ್ಟಕ್ಕೇ ನಿಲ್ಲುವುದಿಲ್ಲ. ಚಕ್ರ ತಿರುಗಿದಂತೆ ಮೊಳೆ ಅಲ್ಲಾಡಿ ರಬ್ಬರನ್ನು ಹರಿಯುತ್ತದೆ. ಹೊರಬಂದ ಗಾಳಿ ಕಡ್ಡಿಯ ತೂತುಗಳಿಂದ, ವಾಲ್ವಿನ ಸಂದಿನಿಂದ ಒಮ್ಮೆಲೇ ನುಗ್ಗಿ ಹೋಗುತ್ತದೆ. ಘಟ್ಟದ ಇಳಿಜಾರಿನಲ್ಲಿ ಮುಂದಿನ ಚಕ್ರಕ್ಕೆ ಹೀಗಾದರೆ ಹ್ಯಾಂಡಲ್ ಹಿಡಿತಕ್ಕೆ ಸಿಗುವುದು ಕಷ್ಟ. ಟ್ಯೂಬ್‌ಲೆಸ್ ಟೈರಿನ ಒಳಮೈಗೆ ಗಾಳಿ ಬಿಡದ ರಬ್ಬರಿನ ಪದರವಿರುತ್ತದೆ. ಅದು ಮೊಳೆಯನ್ನು ಸುತ್ತಲೂ ಕಚ್ಚಿ ಹಿಡಿಯುವುದರಿಂದ ಗಾಳಿ ಮೆಲ್ಲಗೆ ಇಳಿಯುತ್ತದೆ. ಹತ್ತಾರು ಕಿಲೋಮೀಟರ್ ಓಡಿಸಿಕೊಂಡು ಅಂಗಡಿ ತಲುಪುವವರೂ ಇದ್ದಾರೆ. ಅದಕ್ಕೇ ಮೊಳೆ ಕಂಡ ಕೂಡಲೇ ದಾರಿಯಲ್ಲೇ ಕಿತ್ತೆಸೆಯಬಾರದು. ಪಂಕ್ಚರ್ ಹಾಕುವವರು ಚಕ್ರ ಬಿಚ್ಚದೆ, ಅಂಟು ರಬ್ಬರಿನ ಹುರಿಯನ್ನು ತೂತಿಗೆ ತುರುಕಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸುತ್ತಾರೆ. ಈ ಹುರಿ ನಡೆಯುವುದು ನೆಲ ಮುಟ್ಟುವ ಭಾಗದಲ್ಲಿ ಮಾತ್ರ. ಟೈರಿನ ಪಕ್ಕದ ಗೋಡೆ ಕಲ್ಲಿಗೆ ಕೊಯ್ದುಕೊಂಡರೆ ಹುರಿ ನಿಲ್ಲುವುದಿಲ್ಲ.

ಎರಡರ ವ್ಯತ್ಯಾಸ ಚೆನ್ನಾಗಿ ಕಾಣಬೇಕಾದರೆ ಒಂದೇ ಗುಂಡಿಗೆ ಎರಡೂ ಬೈಕ್ ಬಿದ್ದವೆಂದು ಇಟ್ಟುಕೊಳ್ಳಿ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿಯುವ ದಾರಿ, ಜುಲೈ ತಿಂಗಳು, ನೀರು ತುಂಬಿ ಆಳ ಕಾಣದ ಗುಂಡಿ, ವೇಗ ಐವತ್ತರ ಹತ್ತಿರ. ಮುಂದಿನ ಟೈರಿನಲ್ಲಿ 25 ಪಿಎಸ್‌ಐ ಇರಬೇಕಾದಲ್ಲಿ 15 ಮಾತ್ರ ಇದೆ. ಗುಂಡಿಯ ಆಚೆ ಅಂಚಿಗೆ ಚಕ್ರ ಬಡಿದಾಗ ಟೈರ್ ಪೂರ್ತಿ ಅಮುಕಿ ಹೋಗಿ ರಿಮ್ಮಿಗೂ ಡಾಂಬರಿನ ಅಂಚಿಗೂ ನಡುವೆ ಸಿಕ್ಕಿಬೀಳುತ್ತದೆ. ಸ್ಪೋಕ್ ಚಕ್ರದಲ್ಲಿ ಆ ಇಕ್ಕಟ್ಟಿಗೆ ಸಿಗುವುದು ಟ್ಯೂಬ್. ಅದರಲ್ಲಿ ಅಕ್ಕಪಕ್ಕ ಎರಡು ಸೀಳು ಬೀಳುತ್ತವೆ, ಗಾಳಿ ಕ್ಷಣದಲ್ಲಿ ಖಾಲಿ. ರಿಮ್ ಮಾತ್ರ ಬಹುಶಃ ಕೊಂಚ ಸೊಟ್ಟಗಾಗಿ ಉಳಿದುಕೊಳ್ಳುತ್ತದೆ. ಅಲಾಯ್ ಬೈಕಿನಲ್ಲಿ ಸೀಳಿಕೊಳ್ಳಲು ಟ್ಯೂಬೇ ಇಲ್ಲ. ಪೆಟ್ಟು ನೇರ ರಿಮ್ಮಿನ ಅಂಚಿಗೆ ಬಿದ್ದು ಅದು ತಗ್ಗಬಹುದು, ಟೈರಿನ ಒಳಗಿನ ನೂಲು ಹರಿದು ಪಕ್ಕದಲ್ಲಿ ಗುಳ್ಳೆ ಏಳಬಹುದು. ಮೊದಲಿನವನು ಅಲ್ಲೇ ಮಳೆಯಲ್ಲಿ ನಿಂತು ಚಕ್ರ ಬಿಚ್ಚಬೇಕು, ಆದರೆ ಅವನ ಖರ್ಚು ಒಂದು ಟ್ಯೂಬಿನದು. ಎರಡನೆಯವನು ಮತ್ತೆ ಮತ್ತೆ ಗಾಳಿ ಹೊಡೆದುಕೊಂಡು ಊರು ಸೇರಿಯಾನು, ಆದರೆ ಅವನಿಗೆ ಹೊಸ ಚಕ್ರದ ಖರ್ಚು ಕಾದಿರಬಹುದು. ಇಬ್ಬರ ಟೈರಿನಲ್ಲೂ 25 ಇದ್ದಿದ್ದರೆ ಬಹುಮಟ್ಟಿಗೆ ಇಬ್ಬರೂ ಒಂದು ಜರ್ಕ್ ತಿಂದು ಮುಂದೆ ಹೋಗುತ್ತಿದ್ದರು. ಚಕ್ರದ ಆಯ್ಕೆಗೆ ಅಷ್ಟೆಲ್ಲ ತಲೆ ಕೆಡಿಸಿಕೊಳ್ಳುವವರು ವಾರಕ್ಕೊಮ್ಮೆ, ಟೈರ್ ಬಿಸಿಯಾಗುವ ಮೊದಲು, ಗಾಳಿ ನೋಡಿಸದಿರುವುದು ನನಗೆ ಬೇಸರದ ಸಂಗತಿ.

ಟ್ಯೂಬ್ ಬಳಸುವವರು ಪಂಕ್ಚರ್ ಅಂಗಡಿಯಲ್ಲಿ ಹೊರತೆಗೆದ ಟ್ಯೂಬನ್ನು ಒಮ್ಮೆ ತಾವೇ ನೋಡಬೇಕು. ಕಾರಣವೆಲ್ಲ ಅದರ ಮೇಲೆ ಬರೆದಿರುತ್ತದೆ. ತೂತು ಹೊರಗಡೆ, ಟೈರಿನ ಕಡೆಗಿದ್ದರೆ ಮೊಳೆ ಅಥವಾ ಮುಳ್ಳು. ಟೈರಿನ ಒಳಗೆ ಬಟ್ಟೆಯಿಂದ ಸವರಿ ನೋಡದೆ ಹೊಸ ಟ್ಯೂಬ್ ಹಾಕಿದರೆ ಅಲ್ಲೇ ಉಳಿದ ಚೂರು ಅದನ್ನೂ ಚುಚ್ಚುತ್ತದೆ. ಅಕ್ಕಪಕ್ಕ ಜೋಡಿ ಸೀಳು ಇದ್ದರೆ ಗಾಳಿ ಕಡಿಮೆಯಿತ್ತು ಎಂದರ್ಥ. ತೂತು ಒಳಗಡೆ, ರಿಮ್ಮಿನ ಕಡೆಗಿದ್ದರೆ ಕಡ್ಡಿಯ ತುದಿ ಮೇಲೆದ್ದು ಚುಚ್ಚಿದೆ, ಇಲ್ಲವೇ ರಿಮ್ಮಿನ ಮೇಲಿನ ರಬ್ಬರ್ ಪಟ್ಟಿ ಸರಿದಿದೆ ಅಥವಾ ಕೊಳೆತಿದೆ. ವಾಲ್ವಿನ ಬುಡದಲ್ಲೇ ಹರಿದಿದ್ದರೆ ಕಡಿಮೆ ಗಾಳಿಯಲ್ಲಿ ಟೈರ್ ರಿಮ್ಮಿನ ಮೇಲೆ ಜಾರಿ, ಟ್ಯೂಬನ್ನೂ ಎಳೆದುಕೊಂಡು ಹೋಗಿದೆ. ಇದಕ್ಕೆ ಮುನ್ಸೂಚನೆ ಸಿಗುತ್ತದೆ: ನೇರವಾಗಿ ನಿಲ್ಲಬೇಕಾದ ವಾಲ್ವ್ ಒಂದು ಕಡೆಗೆ ವಾಲಿರುತ್ತದೆ.

ಸ್ಪೋಕ್ ಚಕ್ರ ಇಟ್ಟುಕೊಂಡವರಿಗೆ ಇನ್ನೊಂದು ಹೊಣೆ ಇದೆ. ಹೊಸ ಬೈಕಿನಲ್ಲಿ ಕಡ್ಡಿಗಳು ತಮ್ಮ ಜಾಗದಲ್ಲಿ ಕೂರುತ್ತಾ ಸಡಿಲಾಗುವುದರಿಂದ ಮೊದಲ ಸರ್ವಿಸಿನಲ್ಲೇ ನೋಡಿಸಬೇಕು, ಕಲ್ಲುದಾರಿಯಲ್ಲಿ ಓಡಿಸುವವರು ಆಮೇಲೂ ಆಗಾಗ ನೋಡಬೇಕು. ಸಣ್ಣ ಸ್ಪ್ಯಾನರಿನಿಂದ ಒಂದೊಂದೇ ಕಡ್ಡಿ ತಟ್ಟಿದರೆ ಬಿಗಿ ಇರುವುದು ಟಿಂಗ್ ಎನ್ನುತ್ತದೆ, ಸಡಿಲಾದದ್ದು ಮಂಕಾಗಿ ಟಪ್ ಎನ್ನುತ್ತದೆ. ಒಂದು ಸಡಿಲಾದರೆ ಅದರ ಪಾಲಿನ ಎಳೆತ ಪಕ್ಕದವುಗಳ ಮೇಲೆ ಬಿದ್ದು ಅವು ಮುರಿಯುತ್ತವೆ. ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸಿ, ಫೋರ್ಕಿಗೆ ಒತ್ತಿ ಹಿಡಿದ ಪೆನ್ಸಿಲಿನ ತುದಿಯನ್ನು ರಿಮ್ಮಿನ ಹತ್ತಿರ ತಂದರೆ ಓಲಾಟ ಗೊತ್ತಾಗುತ್ತದೆ. ಎರಡು ಮಿಲಿಮೀಟರಿಗಿಂತ ಹೆಚ್ಚಿದ್ದರೆ ಬೆಂಡ್ ತೆಗೆಸಬೇಕು. ಈ ಕೆಲಸ ಕೈಪಳಗಿದವರೇ ಮಾಡಬೇಕು. ಸಿಕ್ಕಾಪಟ್ಟೆ ಬಿಗಿದರೆ ರಿಮ್ಮೇ ಸೊಟ್ಟಗಾಗುತ್ತದೆ, ಕಡ್ಡಿಯ ತುದಿ ಒಳಗೆ ಚಾಚಿಕೊಳ್ಳುತ್ತದೆ.

ಹಾಗಾದರೆ ಯಾರಿಗೆ ಯಾವುದು? ನಗರದಲ್ಲಿ, ಹೆದ್ದಾರಿಯಲ್ಲಿ, ಕೆಟ್ಟಿದ್ದರೂ ಟಾರು ರಸ್ತೆಯಲ್ಲೇ ಹೆಚ್ಚು ಓಡಾಡುವವರಿಗೆ ಅಲಾಯ್ ಮತ್ತು ಟ್ಯೂಬ್‌ಲೆಸ್ಸೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರಿಗೆ ರಿಮ್ ಒಡೆಯುವ ಪೆಟ್ಟು ಅಪರೂಪ, ಮೊಳೆ ಮಾತ್ರ ಪದೇಪದೇ ಸಿಗುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹೊಲದ ದಾರಿಗಳಲ್ಲಿ ಓಡಾಡುವವರಿಗೂ ಇದೇ ಮಾತು. ಅಲ್ಲಿನ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಒಮ್ಮೆ ತುಳಿದರೆ ಟ್ಯೂಬಿನಲ್ಲಿ ನಾಲ್ಕಾರು ತೂತು. ಟ್ಯೂಬ್‌ಲೆಸ್ ಟೈರಿನೊಳಗೆ ಸೀಲಂಟ್ ದ್ರವ ಹಾಕಿಸಿದರೆ ಅಂಥ ಸೂಜಿ ತೂತುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ.

ಮಲೆನಾಡಿನ ತೋಟದ ರಸ್ತೆಗಳು, ಬೋಲ್ಡರ್ ಕಿತ್ತೆದ್ದ ಏರುಗಳು, ಹಳ್ಳದ ದಾಟುಗಳು ದಿನನಿತ್ಯದ ದಾರಿಯಾದವರಿಗೆ ಸ್ಪೋಕ್ ಬೇಕು. ಹೀರೋ ಎಕ್ಸ್‌ಪಲ್ಸ್ 200 ಅಂಥ ದಾರಿಗೆಂದೇ ಮುಂದೆ 21, ಹಿಂದೆ 18 ಇಂಚಿನ ಸ್ಪೋಕ್ ಚಕ್ರ ಹೊತ್ತು ಬರುತ್ತದೆ. ಆದರೆ ಆಕ್ಸಲ್ ಬಿಚ್ಚುವ ಸ್ಪ್ಯಾನರ್, ಟೈರ್ ಲಿವರ್, ಪಂಪು, ಒಂದು ಹೆಚ್ಚುವರಿ ಟ್ಯೂಬ್ ಜೊತೆಗಿರಬೇಕು, ಅವನ್ನು ಬಳಸಲು ಬರಬೇಕು. ಇರುವ ಒಂದು ಟ್ಯೂಬ್ 21 ಇಂಚಿನದಾಗಿರಲಿ. ಹಳ್ಳಿಯ ಅಂಗಡಿಗಳಲ್ಲಿ ಆ ಅಳತೆ ಸಿಗುವುದು ಕಷ್ಟ, ಮೇಲಾಗಿ ಆಪತ್ತಿನಲ್ಲಿ ಅದನ್ನೇ ಹಿಂದಿನ ಚಕ್ರಕ್ಕೂ ಮಡಚಿ ತುರುಕಿ ಊರು ಸೇರಬಹುದು. ಅಲಾಯ್ ಇರುವವರಿಗೂ ಟ್ಯೂಬ್ ಆಪತ್ತಿಗಾದೀತು: ಅಂಚು ತಗ್ಗಿ ಗಾಳಿ ನಿಲ್ಲದಿದ್ದಾಗ ಒಳಗೆ ಒಂದು ಟ್ಯೂಬ್ ಹಾಕಿಸಿ ನಿಧಾನಕ್ಕೆ ಮರಳಬಹುದು.

ಎರಡರ ಗುಣವೂ ಒಟ್ಟಿಗೆ ಬೇಕೆನ್ನುವವರಿಗೆ ಟ್ಯೂಬ್‌ಲೆಸ್ ಸ್ಪೋಕ್ ಚಕ್ರವಿದೆ. ಬಿಎಂಡಬ್ಲ್ಯು 1987ರಲ್ಲಿ ಆರ್100 ಜಿಎಸ್ ಬೈಕಿನಲ್ಲಿ ಕಡ್ಡಿಗಳನ್ನು ರಿಮ್ಮಿನ ನಡುವಿನಿಂದ ಹೊರ ಅಂಚಿಗೆ ಸರಿಸಿ, ಗಾಳಿ ಇರುವ ಜಾಗದಲ್ಲಿ ತೂತೇ ಇಲ್ಲದಂತೆ ಮಾಡಿತು. ನಮ್ಮಲ್ಲಿ ಹಿಮಾಲಯನ್ 450ಕ್ಕೂ ಈಗ ಟ್ಯೂಬ್‌ಲೆಸ್ ಸ್ಪೋಕ್ ಸಿಗುತ್ತದೆ. ದುಬಾರಿಯಾದರೂ ಕಂಪನಿಯ ಚಕ್ರವನ್ನೇ ಕೊಳ್ಳಿ. ಮಾಮೂಲಿ ಸ್ಪೋಕ್ ರಿಮ್ಮಿನ ತೂತುಗಳಿಗೆ ಸಿಲಿಕಾನ್ ಬಳಿದು, ಟೇಪ್ ಸುತ್ತಿ ಟ್ಯೂಬ್‌ಲೆಸ್ ಮಾಡಿಕೊಡುವವರಿದ್ದಾರೆ; ಗಾಳಿ ನಿಲ್ಲಲೂಬಹುದು. ಆದರೆ ಟ್ಯೂಬ್‌ಲೆಸ್ ರಿಮ್ಮಿನ ಒಳಗೆ ಅಂಚಿನ ಪಕ್ಕ ಒಂದು ಸಣ್ಣ ದಿಬ್ಬವಿರುತ್ತದೆ. ಗಾಳಿ ಇಳಿದಾಗಲೂ ಟೈರಿನ ಅಂಚು ಜಾರಿ ನಡುವಿನ ತಗ್ಗಿಗೆ ಬೀಳದಂತೆ ತಡೆಯುವುದು ಅದೇ. ಟ್ಯೂಬಿಗಾಗಿ ಮಾಡಿದ ಎಷ್ಟೋ ರಿಮ್ಮುಗಳಲ್ಲಿ ಆ ದಿಬ್ಬ ಇರುವುದಿಲ್ಲ, ಅದನ್ನು ಯಾವ ಟೇಪೂ ಕೊಡಲಾರದು. ಮಾಡಿಸಲೇಬೇಕೆಂದಿದ್ದರೆ ಮೊದಲು ಟೈರ್ ಬಿಚ್ಚಿಸಿ ರಿಮ್ಮಿನ ಒಳಗೆ ಬೆರಳಾಡಿಸಿ ನೋಡಿ. ದಿಬ್ಬ ಕೈಗೆ ಸಿಗದಿದ್ದರೆ ಟ್ಯೂಬನ್ನೇ ಹಾಕಿಸಿಕೊಂಡು ಬನ್ನಿ.