ಊರುಗೋಲಿನ ಮಗುವಿಗೆ ನೆಲಮಹಡಿಯ ಕೊಠಡಿ: ಶಾಲೆಗೆ ಬರೆಯುವ ಒಂದು ಪತ್ರ

ಕಳೆದ ಆಷಾಢ ಮಾಸದಲ್ಲಿ ಎಂಟು ವರ್ಷದ ಬಾಲಕನೊಬ್ಬನನ್ನು ಅವನ ತಂದೆ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಮಲಬದ್ಧತೆ, ಉರಿಮೂತ್ರ, ಸಂಜೆಯಾದರೆ ತಲೆನೋವು; ಇವು ಅವನ ತೊಂದರೆಗಳು. ಬಾಲಕನು ಎರಡು ಊರುಗೋಲುಗಳ ಆಧಾರದಲ್ಲಿ ಬಂದಿದ್ದನು. ಅವನ ಬಲ ಸೊಂಟದ ಕೀಲಿನಲ್ಲಿ ಪರ್ಥೆಸ್ ಎಂಬ ಕಾಯಿಲೆಯಿರುವುದನ್ನು ಮೂಳೆತಜ್ಞರು ಆಗಲೇ ಗುರುತಿಸಿದ್ದರು. ತೊಡೆಮೂಳೆಯ ಮೇಲ್ತುದಿಯ ಗುಂಡಾದ ಭಾಗಕ್ಕೆ ರಕ್ತದ ಪೂರೈಕೆ ಕುಂದಿ, ಆ ಭಾಗವು ಮೆತ್ತಗಾಗುವ ಕಾಯಿಲೆಯಿದು. ಮೂಳೆಯು ಮತ್ತೆ ತಾನಾಗಿ ಬೆಳೆದುಕೊಳ್ಳುತ್ತದೆ. ಆದರೆ ಅದಕ್ಕೆ ವರ್ಷಗಳೇ ಬೇಕು. ಆ ಅವಧಿಯಲ್ಲಿ ಭಾರ ಬಿದ್ದರೆ ಗುಂಡು ಚಪ್ಪಟೆಯಾಗುವ ಭಯವಿರುವುದರಿಂದ, ಬಲಗಾಲನ್ನು ಊರಕೂಡದೆಂದು ತಜ್ಞರು ಈ ಬಾಲಕನಿಗೆ ಹೇಳಿದ್ದರು.

ಮೂತ್ರಪರೀಕ್ಷೆ ಮಾಡಿಸಿದೆ, ಸೋಂಕು ಇರಲಿಲ್ಲ. ಶಾಲೆಯಲ್ಲಿ ಎಷ್ಟು ನೀರು ಕುಡಿಯುವೆಯೆಂದು ಕೇಳಿದಾಗ ಬಾಲಕನು ತಲೆ ತಗ್ಗಿಸಿ, "ಕುಡಿಯಂಗಿಲ್ಲ ಅಜ್ಜಾ, ನೀರು ಕುಡಿದ್ರ ಕೆಳಗ ಇಳೀಬೇಕಾಗತೈತಿ" ಎಂದನು. ತಂದೆಗೆ ಇದು ತಿಳಿದೇ ಇರಲಿಲ್ಲ.

ಮೂರನೆಯ ತರಗತಿಯ ಕೊಠಡಿ ಎರಡನೆಯ ಮಹಡಿಯಲ್ಲಿತ್ತು. ಶೌಚಾಲಯ ಕೆಳಗಡೆ ಮಾತ್ರ. ಒಂದೊಂದು ಮಹಡಿಗೆ 22ರಂತೆ ಒಟ್ಟು 44 ಮೆಟ್ಟಿಲುಗಳು. ಬೆಳಿಗ್ಗೆ ಹತ್ತಿ, ಕಿರುವಿರಾಮದಲ್ಲಿ ಇಳಿದು ಹತ್ತಿ, ಊಟಕ್ಕೆ ಇಳಿದು ಹತ್ತಿ, ಸಂಜೆ ಇಳಿದರೆ ದಿನಕ್ಕೆ 264 ಮೆಟ್ಟಿಲುಗಳಾಗುತ್ತವೆ. ವಿರಾಮಗಳಲ್ಲಿ ಇಳಿಯದಿದ್ದರೆ 88 ಮಾತ್ರ. ಬಾಲಕನು ಈ ಲೆಕ್ಕವನ್ನು ತನ್ನಷ್ಟಕ್ಕೆ ತಾನೇ ಮಾಡಿಕೊಂಡು, ನೀರನ್ನು ಬಿಟ್ಟಿದ್ದನು. ಆಯುರ್ವೇದವು ತಡೆಯಬಾರದ ಹದಿಮೂರು ವೇಗಗಳಲ್ಲಿ ಮೂತ್ರ ಮತ್ತು ಮಲದ ವೇಗಗಳನ್ನು ಎಣಿಸಿದೆ. ಅವುಗಳನ್ನು ತಡೆದರೆ ಕಿಬ್ಬೊಟ್ಟೆಯ ನೋವು, ಮೂತ್ರದ ತೊಂದರೆ, ತಲೆನೋವು ಬರುತ್ತವೆಂದು ಚರಕರು ಹೇಳಿದ್ದಾರೆ. ಈ ಬಾಲಕನ ರೋಗದ ಕಾರಣವು ಹೊಟ್ಟೆಯಲ್ಲಿರಲಿಲ್ಲ, ಮೆಟ್ಟಿಲಿನಲ್ಲಿತ್ತು. ಆದ್ದರಿಂದ ನಾನು ಔಷಧದ ಚೀಟಿಗಿಂತ ಮೊದಲು ಪತ್ರದ ಮಾತೆತ್ತಿದೆ.

ತಂದೆಯು ಅದಾಗಲೇ ಒಂದು ಪತ್ರ ಬರೆದಿದ್ದರು. "ನನ್ನ ಮಗನಿಗೆ ಕಾಲಿನ ತೊಂದರೆ ಇದೆ, ತಾವು ದೊಡ್ಡ ಮನಸ್ಸು ಮಾಡಿ ಏನಾದರೂ ಅನುಕೂಲ ಮಾಡಿಕೊಡಬೇಕು" ಎಂಬುದಷ್ಟೇ ಅದರ ಸಾರ. ಅದಕ್ಕೆ ಶಾಲೆಯವರು, ಬಾಲಕನು ಕೆಳಗಿನ ಗ್ರಂಥಾಲಯದಲ್ಲಿ ಕುಳಿತು ಪಾಠ ಬರೆದುಕೊಳ್ಳಲೆಂದು ಉತ್ತರಿಸಿದ್ದರು. ಶಾಲೆಯವರನ್ನು ದೂರಿ ಫಲವಿಲ್ಲ. "ಏನಾದರೂ" ಎಂದು ಕೇಳಿದ್ದಕ್ಕೆ ಏನೋ ಒಂದು ದೊರೆಯಿತು. ಎಷ್ಟು ಕಾಲದವರೆಗೆ, ಯಾವ ಕಾರಣಕ್ಕೆ, ಯಾವ ಕೊಠಡಿ ಎಂಬುದು ಪತ್ರದಲ್ಲಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮಗುವೊಂದನ್ನೇ ಕೆಳಗಿಳಿಸದೆ ಇಡೀ ತರಗತಿಯನ್ನು ಕೆಳಗಿಳಿಸಬೇಕೆಂಬ ಮಾತು ಇರಲಿಲ್ಲ. ಗ್ರಂಥಾಲಯದಲ್ಲಿ ಒಂಟಿಯಾಗಿ ಕುಳಿತ ಮಗುವಿಗೆ ಮೆಟ್ಟಿಲಿನ ಕಷ್ಟ ತಪ್ಪಿದರೂ ಪಾಠವೂ ಗೆಳೆಯರೂ ತಪ್ಪುತ್ತಾರೆ.

ಆ ಸಂಜೆ ನಾವಿಬ್ಬರೂ ಕುಳಿತು ಸಿದ್ಧಪಡಿಸಿದ ಪತ್ರ ಹೀಗಿತ್ತು:

"ಮಾನ್ಯ ಪ್ರಾಂಶುಪಾಲರಿಗೆ,

ವಿಷಯ: ಮೂರನೆಯ ತರಗತಿಯನ್ನು ಡಿಸೆಂಬರ್ ಅಂತ್ಯದವರೆಗೆ ನೆಲಮಹಡಿಗೆ ಬದಲಾಯಿಸುವ ಕುರಿತು.

ಮಾನ್ಯರೇ, ನನ್ನ ಮಗನು ತಮ್ಮ ಶಾಲೆಯ ಮೂರನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಸೊಂಟದ ಕೀಲಿನ ಕಾಯಿಲೆಯ ಕಾರಣ ಡಿಸೆಂಬರ್ ಅಂತ್ಯದವರೆಗೆ ಅವನು ಬಲಗಾಲಿನ ಮೇಲೆ ಭಾರ ಹಾಕದೆ ಎರಡು ಊರುಗೋಲುಗಳಿಂದ ನಡೆಯಬೇಕೆಂದು ಮೂಳೆತಜ್ಞರು ಸೂಚಿಸಿದ್ದಾರೆ. ಅವರ ಪ್ರಮಾಣಪತ್ರವನ್ನು ಲಗತ್ತಿಸಿದ್ದೇನೆ. ತರಗತಿಯು ಎರಡನೆಯ ಮಹಡಿಯಲ್ಲಿದ್ದು, ಶೌಚಾಲಯ ಕೆಳಗಿರುವುದರಿಂದ ಅವನು ದಿನಕ್ಕೆ 264 ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕಾಗಿದೆ. ಅದಕ್ಕೆ ಅಂಜಿ ನೀರು ಕುಡಿಯುವುದನ್ನೇ ಬಿಟ್ಟಿದ್ದಾನೆ.

ಆದ್ದರಿಂದ ಅವನ ತರಗತಿಯನ್ನು ನೆಲಮಹಡಿಯ ಯಾವುದಾದರೊಂದು ತರಗತಿಯೊಡನೆ ಅದಲುಬದಲು ಮಾಡಿಕೊಡಬೇಕೆಂದು ವಿನಂತಿಸುತ್ತೇನೆ. ಅವನು ಸಹಪಾಠಿಗಳೊಂದಿಗೇ ಕುಳಿತು ಕಲಿಯಬೇಕೆಂಬುದು ನಮ್ಮ ಆಸೆ. ಬದಲಾವಣೆಯಾಗುವವರೆಗೆ, ಗಂಟೆ ಬಾರಿಸುವುದಕ್ಕೆ ಐದು ನಿಮಿಷ ಮೊದಲು ಒಬ್ಬ ಸಹಾಯಕರೊಡನೆ ಅವನು ಇಳಿಯಲು ಅನುಮತಿ ಕೊಡಬೇಕು. ತಾವು ಹೇಳಿದ ದಿನ ಬಂದು ಮಾತನಾಡಲು ಸಿದ್ಧನಿದ್ದೇನೆ. ಡಿಸೆಂಬರ್‌ನಲ್ಲಿ ತಜ್ಞರು ಮತ್ತೆ ಪರೀಕ್ಷಿಸಿದ ಮೇಲೆ ಅವರ ಅಭಿಪ್ರಾಯವನ್ನು ತಮಗೆ ತಿಳಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ."

ಇದರಲ್ಲಿ ಕೆಲವು ಅಂಶಗಳನ್ನು ಓದುಗರು ಗಮನಿಸಬೇಕು. ಪ್ರಮಾಣಪತ್ರವನ್ನು ನಾನು ಕೊಡಲಿಲ್ಲ. ಕೀಲಿಗೆ ಚಿಕಿತ್ಸೆ ನೀಡುತ್ತಿರುವ ತಜ್ಞರಿಂದಲೇ ತರಲು ಹೇಳಿದೆ. ಅದರಲ್ಲಿ ಕಾಯಿಲೆಯ ಹೆಸರಿಗಿಂತ, ಮಗು ಏನು ಮಾಡಬಾರದು ಮತ್ತು ಎಲ್ಲಿಯವರೆಗೆ ಎಂಬ ಎರಡು ಸಂಗತಿಗಳಿರಬೇಕು. ಅವಧಿ ಗೊತ್ತಾದರೆ ಶಾಲೆಗೆ ವೇಳಾಪಟ್ಟಿ ಹೊಂದಿಸಲು ಸುಲಭ. ಐದು ನಿಮಿಷದ ಅನುಮತಿಯೂ ಸಣ್ಣದಲ್ಲ. ಊರುಗೋಲಿನವರು ಹತ್ತುವಾಗ ಗಟ್ಟಿಯಾದ ಕಾಲನ್ನು ಮೊದಲು ಮೇಲಿಟ್ಟು ಊರುಗೋಲನ್ನು ಹಿಂದೆ ತರುತ್ತಾರೆ. ಇಳಿಯುವಾಗ ಊರುಗೋಲು ಮೊದಲು ಕೆಳಗಿಳಿಯಬೇಕು. ದೇಹವು ಮುಂದಕ್ಕೆ ಬಾಗುವ ಆ ಗಳಿಗೆಯಲ್ಲಿ ಹಿಂದಿನಿಂದ ಯಾರಾದರೂ ತಗುಲಿದರೆ ಬೀಳುವುದು ಖಂಡಿತ. ಮಳೆಗಾಲದ ಒದ್ದೆ ಮೆಟ್ಟಿಲಿನಲ್ಲಂತೂ ಹೇಳುವುದೇ ಬೇಡ.

ಪತ್ರವನ್ನು ಎರಡು ಪ್ರತಿಗಳಲ್ಲಿ ಒಯ್ದು, ಒಂದರ ಮೇಲೆ ಶಾಲೆಯ ಮುದ್ರೆ ಮತ್ತು ದಿನಾಂಕದೊಡನೆ ಸ್ವೀಕೃತಿ ಪಡೆಯಬೇಕು. ಕಾನೂನಿನ ಮಾತನ್ನು ಮೊದಲ ಪತ್ರದಲ್ಲಿ ನಾವು ಬರೆಯಲಿಲ್ಲ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆಯು, ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಇಂತಹ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಒದಗಿಸಬೇಕೆಂದು ಹೇಳುತ್ತದೆ. ಆದರೆ ಅದು ದೀರ್ಘಕಾಲದ ನ್ಯೂನತೆಯುಳ್ಳವರನ್ನು ಕುರಿತದ್ದು. ಮೂಳೆ ಮುರಿದು ಎರಡು ತಿಂಗಳು ಊರುಗೋಲು ಹಿಡಿದ ಮಗುವಿನ ಪೋಷಕರು ಆ ಕಾಯ್ದೆಯನ್ನೇ ನೆಚ್ಚುವಂತಿಲ್ಲ. ಹುಟ್ಟಿನಿಂದಲೇ ಕಾಲಿನ ನ್ಯೂನತೆಯಿರುವ ಮಗುವಿನ ಪೋಷಕರು, ಮೊದಲ ಪತ್ರಕ್ಕೆ ಉತ್ತರ ಬಾರದಿದ್ದರೆ, ಎರಡನೆಯ ಪತ್ರದಲ್ಲಿ ಅದನ್ನು ಹೆಸರಿಸಬಹುದು.

ಪ್ರಾಂಶುಪಾಲರು ತಂದೆಯನ್ನು ಕರೆಸಿ ಮಾತನಾಡಿದರು. ಮಗು ನೀರು ಬಿಟ್ಟ ಸಂಗತಿಯನ್ನು ಅವರು ಎರಡು ಸಲ ಕೇಳಿದರಂತೆ. ಮುಂದಿನ ಸೋಮವಾರದಿಂದ ನೆಲಮಹಡಿಯಲ್ಲಿದ್ದ ಏಳನೆಯ ತರಗತಿಯವರು ಮೇಲೆ ಹೋದರು, ಮೂರನೆಯ ತರಗತಿಯವರು ಕೆಳಗೆ ಬಂದರು.

ಕೊಠಡಿ ದೊರೆತೊಡನೆ ಕೆಲಸ ಮುಗಿಯುವುದಿಲ್ಲ. ತಂದೆಯು ಮೊದಲ ದಿನ ಹೋಗಿ ನೋಡಿದಾಗ, ಶೌಚಾಲಯದ ಬಾಗಿಲಲ್ಲಿ ಎತ್ತರದ ಹೊಸ್ತಿಲಿತ್ತು, ನೆಲ ಸದಾ ಒದ್ದೆಯಾಗಿತ್ತು. ಹೊಸ್ತಿಲಿನ ಪಕ್ಕದ ಗೋಡೆಗೆ ಒಂದು ಹಿಡಿಕೆ ಹಾಕಿಸಿದರು. ವಿರಾಮಕ್ಕೆ ಮೊದಲು ನೆಲ ಒರೆಸಲು ಆಯಾಗೆ ಹೇಳಿದರು. ಊರುಗೋಲನ್ನು ನಾನು ನೋಡಿದೆ. ಅದರ ಮೇಲ್ಪಟ್ಟಿಯು ಕಂಕುಳಿಗೆ ತಗುಲುತ್ತಿತ್ತು. ಕಂಕುಳಿನ ಕೆಳಗೆ ಎರಡು-ಮೂರು ಬೆರಳಿನ ಅಂತರವಿರಬೇಕು, ಭಾರವು ಅಂಗೈಗಳ ಮೇಲೆ ಬೀಳಬೇಕು. ಇಲ್ಲದಿದ್ದರೆ ಅಲ್ಲಿಯ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ತುದಿಯ ರಬ್ಬರೂ ಸವೆದು ನುಣುಪಾಗಿತ್ತು, ಅದನ್ನು ಬದಲಿಸಲಾಯಿತು.

ಹದಿನೈದು ದಿನಗಳ ನಂತರ ತಂದೆ ಮಗ ಇಬ್ಬರೂ ಬಂದರು. ಉರಿಮೂತ್ರವೂ ತಲೆನೋವೂ ಹೋಗಿದ್ದವು. ಮಲಬದ್ಧತೆ ಬಹುಮಟ್ಟಿಗೆ ಕಡಿಮೆಯಾಗಿತ್ತು. ನಾನು ಕೊಟ್ಟ ಔಷಧವೆಂದರೆ ರಾತ್ರಿ ನೆನೆಸಿದ ಒಣದ್ರಾಕ್ಷಿ ಮತ್ತು ನೀರು. ಸಂಜೆ ಮನೆಗೆ ಬಂದ ನೀರಿನ ಬಾಟಲಿಯನ್ನು ದಿನವೂ ನೋಡಿರೆಂದು ಹೇಳಿದ್ದೆ. "ಈಗ ಖಾಲಿ ಬರ್ತೈತ್ರೀ" ಎಂದರು ತಂದೆ.